ಷರತ್ತುಗಳು ಅನ್ವಯಿಸಲಿ, ಓದಲೂ ಬರಲಿ

ನವರಾತ್ರಿಗೆ ಎರಡು ವಾರ ಇದೆ ಎನ್ನುವಾಗಲೇ ಬಟ್ಟೆ ಅಂಗಡಿ, ಮೊಬೈಲ್ ಮಳಿಗೆ, ಬೇಕರಿ, ಬ್ಯೂಟಿ ಪಾರ್ಲರ್‌ಗಳ ಇನ್‌ಸ್ಟಾಗ್ರಾಂ ಪುಟಗಳಿಗೆ ಹಬ್ಬದ ಕಳೆ ಬರುತ್ತದೆ. ಮಾವಿನ ತೋರಣದ ಚಿತ್ರ, ನಡುವೆ ದಪ್ಪ ಅಕ್ಷರದಲ್ಲಿ ‘ಸೀರೆ ಕೊಳ್ಳಿ, ಸೀರೆ ಉಚಿತ!’ ಎಂಬ ಸಾಲು. ಅದರ ಕೊನೆಯಲ್ಲೊಂದು ಚಿಕ್ಕ ನಕ್ಷತ್ರ. ಆ ನಕ್ಷತ್ರದ ಜೋಡಿಯನ್ನು ಹುಡುಕಿಕೊಂಡು ಹೋದರೆ ಚಿತ್ರದ ಕೆಳಮೂಲೆಯಲ್ಲಿ ‘ಷರತ್ತುಗಳು ಅನ್ವಯಿಸುತ್ತವೆ’ ಎಂದಷ್ಟೇ ಇರುತ್ತದೆ. ಯಾವ ಷರತ್ತು, ಎಲ್ಲಿ ಓದಬೇಕು ಎಂಬುದಿಲ್ಲ. ಕೆಲವರು ಎಲ್ಲವನ್ನೂ ಬರೆಯುತ್ತಾರೆ. ಆಗ ಚಿತ್ರದಡಿಯ ಬರಹ ಬಾಡಿಗೆ ಕರಾರುಪತ್ರದಷ್ಟು ಉದ್ದವಾಗುತ್ತದೆ, ಅದೂ ಬಹುಪಾಲು ಇಂಗ್ಲಿಷಿನಲ್ಲಿ.

ಎರಡರಲ್ಲೂ ಪರಿಣಾಮ ಒಂದೇ. ಗಿರಾಕಿ ಷರತ್ತನ್ನು ಮೊದಲ ಸಲ ಕೇಳುವುದು ಬಿಲ್ ಕೌಂಟರ್ ಮುಂದೆ ನಿಂತಾಗ. ‘ಇದು ಆಫರ್‌ಗೆ ಬರಲ್ಲ ಅಮ್ಮ’ ಎಂದು ಕೌಂಟರಿನ ಹುಡುಗ ಹೇಳಬೇಕಾಗುತ್ತದೆ. ಆಫರ್ ರೂಪಿಸಿದವನು ಅವನಲ್ಲ, ಕ್ಯಾಪ್ಷನ್ ಬರೆದವನೂ ಅವನಲ್ಲ. ಬೈಗುಳ ಮಾತ್ರ ಅವನ ಪಾಲಿಗೆ.

ಷರತ್ತನ್ನು ಚಿಕ್ಕದಾಗಿ ಬರೆಯುವುದೆಂದರೆ ಅಕ್ಷರ ಸಣ್ಣ ಮಾಡುವುದು ಎಂದು ತಿಳಿದವರು ಬಹಳ. ಪದಗಳನ್ನು ಕತ್ತರಿಸಿದರಾಯಿತು ಎನ್ನುವವರೂ ಇದ್ದಾರೆ. ಕೆಲಸ ಶುರುವಾಗಬೇಕಾದದ್ದು ಅದಕ್ಕೂ ಮುಂಚೆ. ಒಂದೊಂದು ಷರತ್ತು ಗಿರಾಕಿಗೆ ಯಾವ ಹೊತ್ತಿಗೆ ಬೇಕು ಎಂದು ಮೊದಲು ಕೇಳಿಕೊಳ್ಳಬೇಕು. ಮನೆಯಿಂದ ಹೊರಡುವ ಮುನ್ನ ಬೇಕಾದದ್ದು ಮೊದಲ ವಾಕ್ಯಕ್ಕೆ. ಅಂಗಡಿಯೊಳಗೆ ಬಂದ ಮೇಲೆ ಬೇಕಾದದ್ದು ಕೆಳಗಿನ ನಾಲ್ಕಾರು ಸಾಲಿಗೆ. ತಕರಾರು ಬಂದರೆ ಮಾತ್ರ ಬೇಕಾಗುವುದು ಬೇರೆ ಪುಟಕ್ಕೆ. ಹೀಗೆ ವಿಂಗಡಿಸಿದ ಮೇಲೂ ಪಟ್ಟಿ ಉದ್ದವೇ ಉಳಿದರೆ, ದೋಷ ಬರಹದ್ದಲ್ಲ, ಆಫರಿನದೇ ಎಂದು ಗೊತ್ತಾಗುತ್ತದೆ.

ಕಾನೂನು ಏನು ಕೇಳುತ್ತದೆ

ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ರಚನೆಯಾದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತು ತಡೆಯುವ ಮಾರ್ಗಸೂಚಿ ಹೊರಡಿಸಿತು. ಅದು ಟಿ.ವಿ.ಗೂ ಪತ್ರಿಕೆಗೂ ಇರುವಂತೆ ಮೊಬೈಲ್ ಪರದೆಗೂ ಅನ್ವಯ. ನಕ್ಷತ್ರದ ಕೆಳಗಿನ ಬರಹದ ಬಗ್ಗೆ ಅದರಲ್ಲಿ ಪ್ರತ್ಯೇಕ ನಿಯಮವೇ ಇದೆ. ಷರತ್ತಿನ ಸಾಲು ಮುಖ್ಯ ಮಾತನ್ನು ವಿವರಿಸಬಹುದು, ಸ್ಪಷ್ಟಗೊಳಿಸಬಹುದು. ಅದಕ್ಕೆ ವಿರುದ್ಧವಾಗಿ ಹೇಳುವಂತಿಲ್ಲ. ಮುಖ್ಯ ಮಾತೇ ದಾರಿ ತಪ್ಪಿಸುವಂತಿದ್ದರೆ ಅದನ್ನು ಕೆಳಗಿನ ಸಾಲಿನಲ್ಲಿ ತಿದ್ದಿ ಪಾರಾಗುವಂತಿಲ್ಲ. ಬಹಳ ಜಾಹೀರಾತುಗಳು ಎಡವುವುದು ಇಲ್ಲಿಯೇ. ಮೇಲೆ ‘ಎಲ್ಲ ಸೀರೆಗೂ ಅರ್ಧ ಬೆಲೆ’ ಎಂದು ಬರೆದು ಕೆಳಗೆ ‘ಆಯ್ದ ಸೀರೆಗಳಿಗೆ ಮಾತ್ರ’ ಎಂದರೆ ಅದು ವಿವರಣೆಯಲ್ಲ, ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು.

ಕನ್ನಡದಲ್ಲಿ ಬರೆಯುವವರು ವಿಶೇಷವಾಗಿ ಗಮನಿಸಬೇಕಾದ ಅಂಶವೂ ಅದೇ ನಿಯಮದಲ್ಲಿದೆ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ‘ಚಿನ್ನದ ಮೇಲೆ ಮಜೂರಿ ಇಲ್ಲ’ ಎಂದು ಕನ್ನಡದಲ್ಲಿ ಕೂಗಿ, ಯಾವ ಒಡವೆಗೆ ಇಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ಪಿಸುಗುಟ್ಟುವುದು ನಿಯಮಕ್ಕೆ ವಿರುದ್ಧ. ಸಾಮಾನ್ಯ ದೃಷ್ಟಿಯ ವ್ಯಕ್ತಿಯೊಬ್ಬರು ಸಹಜ ದೂರದಿಂದ, ಸಹಜ ವೇಗದಲ್ಲಿ ಒಂದು ಸಲ ಓದಿದರೆ ತಿಳಿಯುವಷ್ಟು ಷರತ್ತು ಎದ್ದು ಕಾಣಬೇಕು ಎಂಬುದು ಮಾರ್ಗಸೂಚಿಯ ಅಳತೆ. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ ₹10 ಲಕ್ಷದವರೆಗೆ, ಪುನರಾವರ್ತನೆಯಾದರೆ ₹50 ಲಕ್ಷದವರೆಗೆ ದಂಡ ಹಾಕಲು ಕಾಯ್ದೆಯಲ್ಲಿ ಅವಕಾಶವಿದೆ.

‘ಒಂದು ಸಲ ಓದಿದರೆ ತಿಳಿಯಬೇಕು’ ಎಂಬುದರಲ್ಲೇ ಬರೆಯುವವರಿಗೆ ಬೇಕಾದ ಪಾಠವೆಲ್ಲ ಇದೆ. ತಿರುಗಿ ಓದಬೇಕಾದ ವಾಕ್ಯ ಎಷ್ಟೇ ದೊಡ್ಡ ಅಕ್ಷರದಲ್ಲಿದ್ದರೂ ಈ ಅಳತೆಗೆ ನಿಲ್ಲುವುದಿಲ್ಲ.

ಒಂದು ಕ್ಯಾಪ್ಷನ್, ಸಾಲು ಸಾಲಾಗಿ

ಮೈಸೂರಿನ ಒಂದು ಸೀರೆ ಅಂಗಡಿಯ ದಸರಾ ಆಫರ್ ಎಂದು ಊಹಿಸಿಕೊಳ್ಳೋಣ. ಅಂಗಡಿಯೂ ಅಂಕಿಗಳೂ ಉದಾಹರಣೆಗೆಂದು ಕಟ್ಟಿಕೊಂಡವು. ಬರಹದ ಧಾಟಿ ಮಾತ್ರ ಎಲ್ಲರೂ ಕಂಡಿರುವಂಥದ್ದೇ.

‘ದಸರಾ ಧಮಾಕಾ! ಸೀರೆ ಕೊಳ್ಳಿ, ಸೀರೆ ಉಚಿತವಾಗಿ ಪಡೆಯಿರಿ!* ಇಂದೇ ಭೇಟಿ ಕೊಡಿ! *ಷರತ್ತುಗಳು ಅನ್ವಯಿಸುತ್ತವೆ. ಈ ಕೊಡುಗೆಯು ಕನಿಷ್ಠ ₹5,000 ಮೇಲ್ಪಟ್ಟ ಖರೀದಿಗೆ ಮಾತ್ರ ಲಭ್ಯವಿರುತ್ತದೆ. ಕೊಡುಗೆಯು ಆಯ್ದ ಸಂಗ್ರಹಗಳ ಮೇಲೆ ಮಾತ್ರ ಅನ್ವಯವಾಗುತ್ತದೆ. ದಾಸ್ತಾನು ಇರುವವರೆಗೆ ಮಾತ್ರ. ಈ ಕೊಡುಗೆಯನ್ನು ಇತರ ಯಾವುದೇ ಕೊಡುಗೆಯೊಂದಿಗೆ ಸಂಯೋಜಿಸಲು ಅವಕಾಶವಿರುವುದಿಲ್ಲ. ಉಚಿತ ಉತ್ಪನ್ನವನ್ನು ನಗದಾಗಿ ಪರಿವರ್ತಿಸಲಾಗುವುದಿಲ್ಲ. ಮಾರಿದ ಸರಕನ್ನು ಯಾವುದೇ ಕಾರಣಕ್ಕೂ ಹಿಂಪಡೆಯಲಾಗುವುದಿಲ್ಲ. ಪೂರ್ವಸೂಚನೆಯಿಲ್ಲದೆ ಕೊಡುಗೆಯನ್ನು ಬದಲಾಯಿಸುವ ಅಥವಾ ಹಿಂಪಡೆಯುವ ಹಕ್ಕನ್ನು ಆಡಳಿತ ಮಂಡಳಿ ಕಾಯ್ದಿರಿಸಿಕೊಂಡಿದೆ. ಆಡಳಿತ ಮಂಡಳಿಯ ತೀರ್ಮಾನವೇ ಅಂತಿಮ.’

ಇಷ್ಟೆಲ್ಲ ಓದಿದ ಮೇಲೂ ಗಿರಾಕಿಗೆ ಮೂರು ಸಂಗತಿ ತಿಳಿಯುವುದಿಲ್ಲ. ಆಫರ್ ಯಾವತ್ತಿಗೆ ಮುಗಿಯುತ್ತದೆ? ಯಾವ ಸೀರೆ ಕೊಂಡರೆ ಸಿಗುತ್ತದೆ? ₹15,000 ಬಿಲ್ ಮಾಡಿದರೆ ಒಂದು ಸೀರೆಯೋ ಮೂರೋ? ಉದ್ದವಾಗಿದ್ದೂ ಕೊರತೆಯಿರುವ ಬರಹ ಇದು.

ಒಂದೊಂದೇ ಸಾಲನ್ನು ಎತ್ತಿ ನೋಡೋಣ. ₹5,000 ಮಿತಿ ಇಲ್ಲದೆ ‘ಸೀರೆ ಕೊಳ್ಳಿ, ಸೀರೆ ಉಚಿತ’ ಎಂಬ ಮಾತಿಗೆ ಅರ್ಥವೇ ಬೇರೆ. ₹900 ಸೀರೆ ಕೊಳ್ಳಲು ಹೊರಟವರು ಆ ಮಾತು ನಂಬಿ ಬಸ್ ಹತ್ತುತ್ತಾರೆ. ಹಾಗಾಗಿ ಮಿತಿಯ ಜಾಗ ಮೊದಲ ವಾಕ್ಯ. ಅಲ್ಲಿಗೆ ಬಂದ ಮೇಲೆ ನಕ್ಷತ್ರವೇ ಬೇಕಾಗುವುದಿಲ್ಲ. ಇನ್ನು ‘ಕನಿಷ್ಠ ₹5,000 ಮೇಲ್ಪಟ್ಟ’ ಎಂಬಲ್ಲಿ ಎರಡು ಮಾತು ಒಂದಕ್ಕೊಂದು ಜಗಳವಾಡುತ್ತಿವೆ. ಸರಿಯಾಗಿ ₹5,000 ಬಿಲ್ ಆದರೆ ‘ಕನಿಷ್ಠ’ ಎನ್ನುವ ಲೆಕ್ಕಕ್ಕೆ ಸೀರೆ ಸಿಗಬೇಕು, ‘ಮೇಲ್ಪಟ್ಟ’ ಎನ್ನುವ ಲೆಕ್ಕಕ್ಕೆ ಸಿಗಬಾರದು. ‘₹5,000 ಅಥವಾ ಹೆಚ್ಚು’ ಎಂದರೆ ತಂಟೆಯಿಲ್ಲ.

‘ಆಯ್ದ ಸಂಗ್ರಹ’ ಎಂಬುದು ಅಂಗಡಿಯವರಿಗೆ ಗೊತ್ತಿರುವ, ಗಿರಾಕಿಗೆ ಗೊತ್ತಿಲ್ಲದ ಪಟ್ಟಿ. ಅದರ ಹಿಂದೆ ಹೆಸರಿಡಬಹುದಾದ ಒಂದು ವಿಭಾಗ ಇದ್ದರೆ ಆ ಹೆಸರನ್ನೇ ಬರೆಯಬಹುದು. ಇಲ್ಲಿ ರೇಷ್ಮೆ ಸೀರೆ ಎಂದಿಟ್ಟುಕೊಳ್ಳೋಣ. ಹೆಸರಿಡಲು ಬಾರದಷ್ಟು ಚದುರಿದ ಪಟ್ಟಿಯಾದರೆ, ಆ ಸೀರೆಗಳಿಗೆಲ್ಲ ಒಂದೇ ಬಣ್ಣದ ಚೀಟಿ ಅಂಟಿಸಿ ‘ಹಸಿರು ಚೀಟಿಯ ಸೀರೆಗಳಿಗೆ’ ಎನ್ನಬಹುದು. ಮೂರು ಪದದಲ್ಲಿ ಮುಗಿಯುತ್ತದೆ, ಅಂಗಡಿಯೊಳಗೂ ಕಣ್ಣಿಗೆ ಕಾಣುತ್ತದೆ.

‘ದಾಸ್ತಾನು ಇರುವವರೆಗೆ’ ಎಂಬ ಮಾತು ಏನನ್ನೂ ಹೇಳುವುದಿಲ್ಲ. ದಾಸ್ತಾನು ಮೂರೇ ಇರಬಹುದು, ಮೂರು ಸಾವಿರವೂ ಇರಬಹುದು. ಬೇಡಿಕೆಗಿಂತ ಸರಕು ಕಡಿಮೆ ಎಂದು ಮೊದಲೇ ಗೊತ್ತಿದ್ದರೆ ಅದನ್ನು ಸ್ಪಷ್ಟಪಡಿಸಬೇಕು ಎಂದು 2022ರ ಮಾರ್ಗಸೂಚಿ ಹೇಳುತ್ತದೆ. ಅಂಗಡಿಯವರು ಉಚಿತ ಸೀರೆಯ ಗಂಟು ತರಿಸುವಾಗ ಎಣಿಸಿಯೇ ತರಿಸಿರುತ್ತಾರೆ. ಆ ಸಂಖ್ಯೆ 300 ಆದರೆ ‘ಮೊದಲ 300 ಬಿಲ್‌ಗಳಿಗೆ’ ಎಂದು ಬರೆಯಬಹುದು. ಹಿಂದಿನ ಸಾಲಿಗಿಂತ ಇದು ಉದ್ದವೂ ಅಲ್ಲ.

‘ಯಾವುದೇ ಕಾರಣಕ್ಕೂ ಹಿಂಪಡೆಯಲಾಗುವುದಿಲ್ಲ’ ಎಂಬ ಸಾಲು ಕಾನೂನಿನ ಮುಂದೆ ನಿಲ್ಲುವುದಿಲ್ಲ. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದನ್ನು 2019ರ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆಯುತ್ತದೆ. ಬಣ್ಣ ಹಿಡಿಸಲಿಲ್ಲ ಎಂದು ತಂದರೆ ಬದಲಿಸಬೇಕೇ ಬೇಡವೇ ಎಂಬುದು ಅಂಗಡಿಯವರ ಇಚ್ಛೆ. ನೆಯ್ಗೆ ಹರಿದಿದ್ದರೆ ಆ ಸ್ವಾತಂತ್ರ್ಯವಿಲ್ಲ.

ಕೊನೆಯ ಎರಡು ಸಾಲುಗಳನ್ನು ಎಲ್ಲರೂ ಅಭ್ಯಾಸಬಲದಿಂದ ಸೇರಿಸುತ್ತಾರೆ. ‘ತೀರ್ಮಾನವೇ ಅಂತಿಮ’ ಎಂದು ಬರೆದ ಮಾತ್ರಕ್ಕೆ ಗಿರಾಕಿ ಜಿಲ್ಲಾ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವ ಹಕ್ಕು ಹೋಗುವುದಿಲ್ಲ. ಸಕಾರಣವಿಲ್ಲದೆ ಒಂದೇ ಕಡೆಯವರು ಕರಾರು ಮುರಿಯಲು ಅನುವು ಮಾಡುವ ಷರತ್ತನ್ನು ಕಾಯ್ದೆ ಅನುಚಿತ ಕರಾರುಗಳ ಪಟ್ಟಿಯಲ್ಲಿ ಸೇರಿಸಿದೆ. ಅಂಗಡಿಗೆ ರಕ್ಷಣೆಯನ್ನೂ ಕೊಡದ, ಗಿರಾಕಿಗೆ ಮಾಹಿತಿಯನ್ನೂ ಕೊಡದ ಈ ಸಾಲುಗಳನ್ನು ಅಳಿಸುವುದೇ ಸರಿ. ಕ್ಯಾಪ್ಷನ್‌ನ ಕಾಲು ಭಾಗ ಅಲ್ಲಿಗೇ ಇಳಿಯುತ್ತದೆ.

ಇಷ್ಟಾದ ಮೇಲೆ ಅದೇ ಆಫರನ್ನು ಹೀಗೆ ಬರೆಯಬಹುದು:

‘₹5,000 ಅಥವಾ ಹೆಚ್ಚಿನ ಬೆಲೆಯ ರೇಷ್ಮೆ ಸೀರೆ ಕೊಂಡರೆ ಒಂದು ಹತ್ತಿ ಸೀರೆ ಉಚಿತ. ಅಕ್ಟೋಬರ್ 3ರಿಂದ 12. ಮೊದಲ 300 ಬಿಲ್‌ಗಳಿಗೆ ಮಾತ್ರ.

ಗಮನಿಸಿ:
ಒಂದು ಬಿಲ್‌ಗೆ ಒಂದೇ ಹತ್ತಿ ಸೀರೆ.
ರಿಯಾಯಿತಿ ಕಳೆದು, ಜಿಎಸ್‌ಟಿ ಸೇರಿಸಿದ ಮೇಲೆ ಬಿಲ್ ₹5,000 ಆಗಿರಬೇಕು.
ಮೈಸೂರು ಅಂಗಡಿಯಲ್ಲಿ ಮಾತ್ರ. ಆನ್‌ಲೈನ್ ಆರ್ಡರ್‌ಗೆ ಇಲ್ಲ.
ಕೊನೆಯ ದಿನ ರಾತ್ರಿ 9ರೊಳಗೆ ಬಿಲ್ ಆಗಿರಬೇಕು.
ಉಚಿತ ಸೀರೆಯ ಬದಲು ಹಣ ಕೊಡುವುದಿಲ್ಲ. ದೋಷವಿದ್ದರೆ ಬಿಲ್ ತಂದು ಬದಲಿಸಿಕೊಳ್ಳಿ.
ಪೂರ್ತಿ ನಿಯಮ ಪ್ರೊಫೈಲ್‌ನಲ್ಲಿರುವ ಲಿಂಕ್‌ನಲ್ಲಿ.’

ಬೇರೆ ಆಫರ್ ಜತೆ ಸೇರಿಸಲಾಗದು ಎಂಬ ಸಾಲು ಎಲ್ಲಿ ಹೋಯಿತು? ‘ರಿಯಾಯಿತಿ ಕಳೆದು’ ಎಂಬ ಲೆಕ್ಕದಲ್ಲಿ ಕರಗಿತು. ರಿಯಾಯಿತಿ ಪಡೆದ ಮೇಲೂ ಬಿಲ್ ₹5,000 ಮುಟ್ಟಿದರೆ ಸೀರೆ ಕೊಡಬಹುದು ಎಂದು ಮಾಲೀಕರು ಒಪ್ಪಿದರೆ ಒಂದು ನಿಷೇಧವೇ ಕಡಿಮೆಯಾಗುತ್ತದೆ, ಜತೆಗೆ ಒಂದು ಜಗಳವೂ. ಷರತ್ತು ಚಿಕ್ಕದಾಗುವ ಬಹುಮುಖ್ಯ ದಾರಿ ಇದು: ಆಫರನ್ನೇ ಸರಳಗೊಳಿಸುವುದು. ಬರೆಯುವವರು ಮಾಲೀಕರ ಎದುರು ಕೂತು ‘ಈ ಷರತ್ತು ತೆಗೆದರೆ ನಿಮಗೆ ಎಷ್ಟು ನಷ್ಟವಾದೀತು?’ ಎಂದು ಒಂದೊಂದಕ್ಕೂ ಕೇಳಿದರೆ, ಅರ್ಧದಷ್ಟಕ್ಕೆ ‘ಅಂಥದ್ದೇನಿಲ್ಲ’ ಎಂಬ ಉತ್ತರ ಬರುವುದು ಸಾಮಾನ್ಯ.

ತಾರೀಖು ಮರೆತ ಜಾಹೀರಾತು

ಆಫರಿನಲ್ಲಿ ಕೊನೆಯ ದಿನ ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಗೊತ್ತಿರುವ ಪ್ರಕರಣ ಒಂದಿದೆ. 1891ರಲ್ಲಿ ಲಂಡನ್ನಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿತು. ತನ್ನ ಹೊಗೆಯುಂಡೆಯನ್ನು ದಿನಕ್ಕೆ ಮೂರು ಸಲ, ಎರಡು ವಾರ, ಸೂಚನೆಯಂತೆ ಬಳಸಿದ ಮೇಲೂ ಇನ್‌ಫ್ಲುಯೆಂಜಾ ಬಂದವರಿಗೆ 100 ಪೌಂಡ್ ಕೊಡುವುದಾಗಿ ಅದರಲ್ಲಿತ್ತು. ಅದಕ್ಕೆಂದು 1,000 ಪೌಂಡ್ ಬ್ಯಾಂಕಿನಲ್ಲಿಟ್ಟಿದ್ದಾಗಿಯೂ ಹೇಳಿತ್ತು. ಶ್ರೀಮತಿ ಕಾರ್ಲಿಲ್ ಎಂಬುವರು ಹಾಗೆಯೇ ಬಳಸಿದರು, 1892ರ ಜನವರಿಯಲ್ಲಿ ಅವರಿಗೆ ಜ್ವರ ಬಂತು. ಕಂಪನಿ ಹಣ ಕೊಡಲಿಲ್ಲ.

ನ್ಯಾಯಾಲಯದಲ್ಲಿ ಕಂಪನಿ ಹೂಡಿದ ವಾದಗಳಲ್ಲಿ ಒಂದು, ಜಾಹೀರಾತು ಅಸ್ಪಷ್ಟವಾಗಿದೆ ಎಂಬುದು. ಬಳಸಿದ ಮೇಲೆ ಎಷ್ಟು ದಿನದೊಳಗೆ ಜ್ವರ ಬಂದರೆ ಹಣ ಎಂದು ಬರೆದಿರಲೇ ಇಲ್ಲವಲ್ಲ! ಮೇಲ್ಮನವಿ ನ್ಯಾಯಾಲಯದ ನ್ಯಾಯಮೂರ್ತಿಗಳು ಆ ಮಾತನ್ನು ಸಾಮಾನ್ಯ ಓದುಗ ಹೇಗೆ ಅರ್ಥ ಮಾಡಿಕೊಳ್ಳುತ್ತಾನೆ ಎಂದು ತಾವೇ ಯೋಚಿಸಬೇಕಾಯಿತು. ಬಳಸುತ್ತಿರುವಷ್ಟು ಕಾಲ ಎಂದೇ, ಬಳಸಿದ ನಂತರ ಒಂದು ಯುಕ್ತ ಅವಧಿಯವರೆಗೆ ಎಂದೇ ಎಂಬ ಚರ್ಚೆ ನಡೆಯಿತು. ಯಾವ ಅರ್ಥ ಹಿಡಿದರೂ ಹಣ ಕೊಡಲೇಬೇಕು ಎಂದು 1892ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಬರೆದವರು ಬಿಟ್ಟ ಜಾಗವನ್ನು ಓದುವವರ ಪರವಾಗಿ ತುಂಬಲಾಯಿತು. ಜಾಹೀರಾತಿನಲ್ಲಿ ಅವಧಿಯದೊಂದು ಸಾಲು ಇದ್ದಿದ್ದರೆ ಆ ವಾದಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಅದಕ್ಕೇ ಮೇಲಿನ ಕ್ಯಾಪ್ಷನ್‌ನಲ್ಲಿ ತಾರೀಖಿಗೆ ಮೊದಲ ವಾಕ್ಯದ ಪಕ್ಕದಲ್ಲೇ ಜಾಗ. ‘12ರವರೆಗೆ’ ಎಂದಷ್ಟೇ ಬರೆದರೆ 12 ಸೇರಿತೋ ಇಲ್ಲವೋ ಎಂಬ ಅನುಮಾನ ಉಳಿಯುತ್ತದೆ. ಕೊನೆಯ ದಿನದ ಗಂಟೆ ಹೇಳಿದರೆ ಆ ಅನುಮಾನ ಇಲ್ಲ.

ಅಡ್ಡಿಯಾಗಲೆಂದೇ ಬರೆದ ಷರತ್ತು

ಇನ್ನೊಂದು ತುದಿಯ ಪ್ರಕರಣ ಬ್ರಿಟನ್ನಿನದೇ. 1992ರಲ್ಲಿ ವ್ಯಾಕ್ಯೂಮ್ ಕ್ಲೀನರ್ ಮಾರುವ ಹೂವರ್ ಕಂಪನಿಯ ಬ್ರಿಟನ್ ವಿಭಾಗ, 100 ಪೌಂಡ್ ಮೇಲಿನ ಖರೀದಿಗೆ ಎರಡು ವಿಮಾನ ಟಿಕೆಟ್ ಉಚಿತ ಎಂದು ಘೋಷಿಸಿತು. ಮೊದಲು ಯುರೋಪಿಗೆ, ಅದೇ ವರ್ಷದ ಕೊನೆಗೆ ಅಮೆರಿಕಕ್ಕೂ. ಟಿಕೆಟ್‌ನ ಬೆಲೆ ವ್ಯಾಕ್ಯೂಮ್ ಕ್ಲೀನರ್‌ನ ಬೆಲೆಯ ಎಷ್ಟೋ ಪಟ್ಟು. ಆದರೂ ಲೆಕ್ಕ ಸರಿಹೋಗುತ್ತದೆ ಎಂದು ಕಂಪನಿ ನಂಬಿದ್ದಕ್ಕೆ ಕಾರಣ ಷರತ್ತುಗಳು. ಅರ್ಜಿ ಕಳಿಸಬೇಕು, ಅದಕ್ಕೆ ಬಂದ ನಮೂನೆ ತುಂಬಿ ಗಡುವಿನೊಳಗೆ ಮರಳಿಸಬೇಕು, ಆಮೇಲೆ ದಿನಾಂಕ ಮತ್ತು ವಿಮಾನ ನಿಲ್ದಾಣಗಳ ಆಯ್ಕೆ ಕಳಿಸಬೇಕು. ಇಷ್ಟು ಹಂತಗಳಲ್ಲಿ ಬಹುಪಾಲು ಜನ ಬೇಸತ್ತು ಕೈಬಿಡುತ್ತಾರೆ ಎಂಬುದು ಎಣಿಕೆ.

ಜನ ಕೈಬಿಡಲಿಲ್ಲ. ಟಿಕೆಟ್ಟಿಗಾಗಿಯೇ ಕ್ಲೀನರ್ ಕೊಂಡವರು ಲಕ್ಷಗಟ್ಟಲೆ ಸೇರಿದರು, ಸಿಗದವರು ಸಂಘಟಿತರಾಗಿ ನ್ಯಾಯಾಲಯಕ್ಕೆ ಹೋದರು. ಕಂಪನಿಗೆ ಬಿದ್ದ ಹೊರೆ ಸುಮಾರು 5 ಕೋಟಿ ಪೌಂಡ್. 1995ರಲ್ಲಿ ಹೂವರ್‌ನ ಯುರೋಪ್ ವ್ಯವಹಾರ ಇಟಲಿಯ ಕ್ಯಾಂಡಿ ಕಂಪನಿಗೆ ಮಾರಾಟವಾಯಿತು.

ಹೂವರ್‌ನ ಷರತ್ತುಗಳು ಉದ್ದವಾದದ್ದು ಬರೆಯಲು ಬಾರದ್ದರಿಂದಲ್ಲ. ಕೊಡಲಾಗದ್ದನ್ನು ಕೊಡುತ್ತೇವೆ ಎಂದು ಹೇಳಿದ್ದರಿಂದ. ಊರಿನ ಅಂಗಡಿಯ ಆಫರಿನಲ್ಲೂ ಇದೇ ಗುರುತು ಸಿಗುತ್ತದೆ. ‘ಬಿಲ್ ಫೋಟೊ ಕಳಿಸಿ, ಗೂಗಲ್‌ನಲ್ಲಿ ವಿಮರ್ಶೆ ಬರೆಯಿರಿ, ಮೂವರನ್ನು ಟ್ಯಾಗ್ ಮಾಡಿ, 48 ಗಂಟೆಯೊಳಗೆ ಮೆಸೇಜ್ ಮಾಡಿ, ಮುಂದಿನ ಖರೀದಿಯಲ್ಲಿ ₹100 ಕಡಿತ’ ಎಂಬಂಥ ಸಾಲಿನಲ್ಲಿ ಪ್ರತಿ ಹಂತವೂ ಗಿರಾಕಿ ಉದುರಿಹೋಗಲಿ ಎಂದು ಇಟ್ಟಂತಿರುತ್ತದೆ. ಎರಡು ಹಂತ ತೆಗೆದು ₹50 ಕಡಿತ ಕೊಟ್ಟರೆ ಅಂಗಡಿಯ ಖರ್ಚು ಹೆಚ್ಚೂಕಡಿಮೆ ಅಷ್ಟೇ ಬರಬಹುದು, ಬರಹ ಒಂದು ಸಾಲಿಗೆ ಇಳಿಯುತ್ತದೆ.

ಪರದೆಯ ಅಳತೆ, ಕನ್ನಡದ ಅಳತೆ

ಇನ್‌ಸ್ಟಾಗ್ರಾಂ ಕ್ಯಾಪ್ಷನ್‌ಗೆ 2,200 ಅಕ್ಷರಗಳ ಮಿತಿಯಿದೆ. ಆದರೆ ಫೀಡ್‌ನಲ್ಲಿ ‘ಇನ್ನಷ್ಟು’ ಒತ್ತುವ ಮೊದಲು ಕಾಣುವುದು ಹೆಚ್ಚೆಂದರೆ 125 ಅಕ್ಷರಗಳಷ್ಟು. ಇಲ್ಲಿ ಅಕ್ಷರ ಎಂದರೆ ಕಂಪ್ಯೂಟರಿನ ಎಣಿಕೆ. ಕನ್ನಡದಲ್ಲಿ ಕಾಗುಣಿತದ ಚಿಹ್ನೆ, ಅರ್ಧಾಕ್ಷರದ ಗುರುತು, ಒತ್ತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ‘ಲಕ್ಷ್ಮೀ’ ಎಂಬುದು ಕಣ್ಣಿಗೆ ಎರಡೇ ಅಕ್ಷರ, ಕಂಪ್ಯೂಟರಿಗೆ ಏಳು. ಹಾಗಾಗಿ ಇಂಗ್ಲಿಷಿನಲ್ಲಿ ಒಂದಿಷ್ಟು ಮಾತು ಹಿಡಿಸುವ ಜಾಗದಲ್ಲಿ ಕನ್ನಡದ ಮಾತು ಬೇಗ ಮುಗಿದುಹೋಗುತ್ತದೆ.

ತಿದ್ದಿದ ಕ್ಯಾಪ್ಷನ್‌ನ ಮೊದಲ ಮೂರು ಪುಟ್ಟ ವಾಕ್ಯಗಳನ್ನು ಎಣಿಸಿದರೆ ಸುಮಾರು 110 ಬರುತ್ತದೆ. ಬೆಲೆ, ಕೊಡುಗೆ, ತಾರೀಖು, ಸಂಖ್ಯೆ ಎಲ್ಲವೂ ‘ಇನ್ನಷ್ಟು’ ಒತ್ತದೆಯೇ ಕಾಣುತ್ತವೆ. ‘ದಸರಾ ಧಮಾಕಾ! ಇಂದೇ ಭೇಟಿ ಕೊಡಿ!’ ಎಂಬ ಮಾತನ್ನು ಮೊದಲಿಗೆ ಹಾಕಿದ್ದರೆ ಅದೇ ಸಾಲುಗಳಲ್ಲಿ ಕೊನೆಯದು ಮಡಿಕೆಯ ಹಿಂದೆ ಹೋಗುವ ಸಂಭವವಿತ್ತು. ಕ್ಯಾಪ್ಷನ್‌ನಲ್ಲಿ ಅಂಟಿಸಿದ ಲಿಂಕ್ ಒತ್ತಿದರೆ ಇನ್‌ಸ್ಟಾಗ್ರಾಂನಲ್ಲಿ ತೆರೆಯುವುದಿಲ್ಲ ಎಂಬುದೂ ನೆನಪಿರಬೇಕು. ಅದಕ್ಕೇ ಪೂರ್ತಿ ನಿಯಮದ ಲಿಂಕ್ ಪ್ರೊಫೈಲ್‌ನಲ್ಲಿ.

ಚಿತ್ರದೊಳಗಿನ ಬರಹದ ಕಷ್ಟ ಬೇರೆ. ಇನ್‌ಸ್ಟಾಗ್ರಾಂ ಚಿತ್ರದ ಸಾಮಾನ್ಯ ಅಗಲ 1080 ಪಿಕ್ಸೆಲ್. ಅದು ಫೋನಿನಲ್ಲಿ ಕಾಣುವುದು ಆರೂವರೆ ಸೆಂಟಿಮೀಟರ್ ಅಗಲಕ್ಕೆ ಎಂದುಕೊಂಡರೆ, ವಿನ್ಯಾಸಕಾರರು 20 ಪಿಕ್ಸೆಲ್ ಎತ್ತರದಲ್ಲಿ ಬರೆದ ಷರತ್ತು ಕೈಯಲ್ಲಿ ಹಿಡಿದಾಗ 1.2 ಮಿಲಿಮೀಟರ್ ಆಗುತ್ತದೆ. ಇಂಗ್ಲಿಷ್ ಅಕ್ಷರ ಒಂದೇ ಮಟ್ಟದಲ್ಲಿ ಕೂರುವುದರಿಂದ ಅಲ್ಲಿಯೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದ ಒತ್ತಕ್ಷರಕ್ಕೆ ಅಷ್ಟೇ ಎತ್ತರದಲ್ಲಿ ಮೂಲ ಅಕ್ಷರವೂ ಕೆಳಗಿನ ಒತ್ತೂ ಹಿಡಿಸಬೇಕು. ‘ಷರತ್ತು’ ಎಂಬಲ್ಲಿ ತ-ಒತ್ತು ಒಂದು ಕಪ್ಪು ಚುಕ್ಕೆಯಾಗಿ ಉಳಿಯುತ್ತದೆ. ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ಮಾತ್ರ ನೋಡಿ ಒಪ್ಪಿಗೆ ಕೊಡುವವರಿಗೆ ಇದು ಕಾಣಿಸುವುದೇ ಇಲ್ಲ. ಅಂತಿಮ ಚಿತ್ರವನ್ನು ಫೋನಿಗೆ ಕಳಿಸಿಕೊಂಡು, ಜೂಮ್ ಮಾಡದೆ, ಐವತ್ತು ದಾಟಿದವರೊಬ್ಬರ ಕೈಗೆ ಕೊಟ್ಟು ಓದಿಸಬೇಕು.

ಚಿತ್ರಕ್ಕೆ ಇನ್ನೊಂದು ಗುಣವಿದೆ. ಅದನ್ನು ಸ್ಕ್ರೀನ್‌ಶಾಟ್ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವಾಗ ಕೆಳಗಿನ ಕ್ಯಾಪ್ಷನ್ ಬಹುತೇಕ ಉಳಿದುಹೋಗುತ್ತದೆ. ಹೀಗೆ ಒಂಟಿಯಾಗಿ ತಿರುಗುವ ಚಿತ್ರ ಮುಂದಿನ ವರ್ಷದ ದಸರಾದಲ್ಲೂ ಯಾರದೋ ಕೈ ಸೇರಬಹುದು. ಆದ್ದರಿಂದ ಬೆಲೆಯ ಮಿತಿ, ಊರು ಮತ್ತು ವರ್ಷ ಸಮೇತ ಕೊನೆಯ ದಿನ ಚಿತ್ರದೊಳಗೇ ಇರಬೇಕು. ಉಳಿದದ್ದು ಕ್ಯಾಪ್ಷನ್‌ಗೆ ಸಾಕು.

ಅಂಚಿನಲ್ಲಿ ನಿಲ್ಲುವ ಗಿರಾಕಿ

ಬರೆದದ್ದು ಸಾಕೋ ಎಂದು ಪರೀಕ್ಷಿಸಲು ವಕೀಲರೇ ಬೇಕೆಂದಿಲ್ಲ. ಆಫರಿನ ಅಂಚಿನಲ್ಲಿ ನಿಲ್ಲುವ ಗಿರಾಕಿಗಳನ್ನು ಊಹಿಸಿಕೊಂಡರೆ ಸಾಕು. ಬಿಲ್ ಸರಿಯಾಗಿ ₹5,000 ಆದವರು. ರಿಯಾಯಿತಿ ಕಳೆದು ₹4,950ಕ್ಕೆ ಇಳಿದವರು. 12ನೇ ತಾರೀಖು ರಾತ್ರಿ 8.55ಕ್ಕೆ ಒಳಗೆ ಬಂದು 9.10ಕ್ಕೆ ಬಿಲ್ ಮಾಡಿಸಿದವರು. 301ನೆಯವರು. ಹುಬ್ಬಳ್ಳಿಯಿಂದ ಕೊರಿಯರ್‌ನಲ್ಲಿ ತರಿಸಿಕೊಳ್ಳಲು ಕೇಳುವವರು. ಕ್ಯಾಪ್ಷನ್ ಬರೆಯದ ಒಬ್ಬರ ಕೈಗೆ ಫೋನ್ ಕೊಟ್ಟು, ‘ಇವರಿಗೆ ಸೀರೆ ಸಿಗುತ್ತದೆಯೇ?’ ಎಂದು ಒಂದೊಂದನ್ನೂ ಕೇಳಬೇಕು. ಉತ್ತರ ತಡವಾದ ಕಡೆ ಒಂದು ಸಾಲು ಬೇಕಿದೆ. ಯಾವ ಪ್ರಶ್ನೆಗೂ ಉತ್ತರವಾಗದ ಸಾಲು ಉಳಿದಿದ್ದರೆ ಅದು ಲಿಂಕ್‌ನಲ್ಲಿರುವ ಪುಟಕ್ಕೆ ಹೋಗಬಹುದು.

ಮೇಲಿನ ಕ್ಯಾಪ್ಷನ್ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಪಾಸಾಗುತ್ತದೆ, ಒಂದು ಕಡೆ ಮುಗ್ಗರಿಸುತ್ತದೆ. ‘₹5,000 ಅಥವಾ ಹೆಚ್ಚಿನ ಬೆಲೆಯ ರೇಷ್ಮೆ ಸೀರೆ’ ಎಂದರೆ ಒಂದೇ ಸೀರೆಯ ಬೆಲೆ ₹5,000 ಇರಬೇಕೋ, ₹2,500ರ ಎರಡು ಕೊಂಡರೂ ಆದೀತೋ? ‘ಬಿಲ್ ₹5,000 ಆಗಿರಬೇಕು’ ಎಂಬ ಕೆಳಗಿನ ಸಾಲು ಎರಡನೆಯದರತ್ತ ವಾಲುತ್ತದೆ, ಮೇಲಿನದು ಮೊದಲನೆಯದರತ್ತ. ಮಾಲೀಕರ ಮನಸ್ಸಿನಲ್ಲಿ ಬಿಲ್ ಮೊತ್ತವೇ ಇದ್ದರೆ ಮೊದಲ ವಾಕ್ಯವನ್ನು ‘ರೇಷ್ಮೆ ಸೀರೆಗಳ ಬಿಲ್ ₹5,000 ಅಥವಾ ಹೆಚ್ಚಾದರೆ ಒಂದು ಹತ್ತಿ ಸೀರೆ ಉಚಿತ’ ಎಂದು ತಿದ್ದಬೇಕು. ಆಗ ಕೆಳಗಿನ ಸಾಲಿಗೂ ಇದಕ್ಕೂ ತಾಳೆಯಾಗುತ್ತದೆ, ಅಕ್ಷರವೂ ಹೆಚ್ಚುವುದಿಲ್ಲ. ಇಂಥ ಬಿರುಕು ಬರೆದವರ ಕಣ್ಣಿಗೆ ಬೀಳುವುದು ಅಪರೂಪ. ಪರರ ಕಣ್ಣಿಗೆ ಮೊದಲ ಓದಿಗೇ ಬೀಳುತ್ತದೆ.

ಷರತ್ತು ಬರೆದು ಸರಿಪಡಿಸಲಾಗದ್ದು

ಎಷ್ಟು ಚೆನ್ನಾಗಿ ಬರೆದರೂ ಸರಿಹೋಗದ ಆಫರ್‌ಗಳಿವೆ. ‘ಉಚಿತ’ ಎಂದು ಹೇಳಿ ಪ್ಯಾಕಿಂಗ್ ಅಥವಾ ನಿರ್ವಹಣೆಯ ಹೆಸರಿನಲ್ಲಿ ಹಣ ಕೇಳುವುದನ್ನು 2022ರ ಮಾರ್ಗಸೂಚಿ ಒಪ್ಪುವುದಿಲ್ಲ. ತಲುಪಿಸುವ ನಿಜವಾದ ಖರ್ಚನ್ನಷ್ಟೇ ಪಡೆಯಬಹುದು. ಉಚಿತ ಸೀರೆಯ ಬೆಲೆಯನ್ನು ರೇಷ್ಮೆ ಸೀರೆಯ ಬೆಲೆಯಲ್ಲೇ ಸೇರಿಸಿ ಕೊಟ್ಟರೆ ಅದನ್ನೂ ಕಾಯ್ದೆ ಅನುಚಿತ ಎನ್ನುತ್ತದೆ.

ಲಕ್ಕಿ ಡ್ರಾ ಅದಕ್ಕಿಂತ ಸೂಕ್ಷ್ಮ. ಇಂತಿಷ್ಟು ಕೊಂಡವರಲ್ಲಿ ಚೀಟಿ ಎತ್ತಿ ಸ್ಕೂಟರ್ ಕೊಡುವುದು ಹಬ್ಬದ ಪದ್ಧತಿಯೇ ಆಗಿದ್ದರೂ, ಮಾರಾಟ ಹೆಚ್ಚಿಸಲು ನಡೆಸುವ ಲಾಟರಿ, ಅದೃಷ್ಟದಾಟಗಳನ್ನು ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿಟ್ಟಿದೆ. ಉಡುಗೊರೆಯ ಯೋಜನೆ ಮುಗಿದ ಮೇಲೆ ಫಲಿತಾಂಶವನ್ನು ತಿಳಿಸದೆ ಉಳಿಸಿಕೊಳ್ಳುವುದೂ ಅದೇ ಪಟ್ಟಿಯಲ್ಲಿದೆ. ಬಹುಮಾನದ ಬೆಲೆ ₹10,000 ದಾಟಿದರೆ ಶೇ 30ರಷ್ಟು ಆದಾಯ ತೆರಿಗೆಯ ಕಡಿತವೂ ಬರುತ್ತದೆ. ಸ್ಕೂಟರ್ ಗೆದ್ದವರು ಕೀಲಿಕೈ ಪಡೆಯುವ ಮುನ್ನ ತೆರಿಗೆಯ ಹಣ ಕಟ್ಟಬೇಕಾಗಬಹುದು. ಇಂಥ ಯೋಜನೆಗೆ ಕೈ ಹಾಕುವ ಮೊದಲು ವಕೀಲರನ್ನು ಕಾಣಬೇಕು. ಕ್ಯಾಪ್ಷನ್ ಬರೆಯುವವರ ಕೈಯಲ್ಲಿ ಅದಕ್ಕೆ ಮದ್ದಿಲ್ಲ.

ಖರೀದಿಯ ಗೊಡವೆಯಿಲ್ಲದೆ ಕಮೆಂಟ್ ಬರೆದವರಿಗೆ ಸಣ್ಣ ಬಹುಮಾನ ಕೊಡುವಾಗಲೂ ಇನ್‌ಸ್ಟಾಗ್ರಾಂ ತನ್ನದೇ ನಿಯಮ ಇಟ್ಟಿದೆ. ಸ್ಪರ್ಧೆಯ ನಿಯಮ, ಯಾರು ಭಾಗವಹಿಸಬಹುದು ಎಂಬುದರ ಜತೆಗೆ ಸ್ಪರ್ಧೆಗೂ ಇನ್‌ಸ್ಟಾಗ್ರಾಂಗೂ ಸಂಬಂಧವಿಲ್ಲ, ಅದರ ಹೊಣೆ ಇನ್‌ಸ್ಟಾಗ್ರಾಂನದಲ್ಲ ಎಂದೂ ತಿಳಿಸಬೇಕು. ಅದು ಒಂದು ಸಾಲಿನ ಕೆಲಸ. ಅದರ ಪಕ್ಕದಲ್ಲಿ ‘ಗೆದ್ದವರಿಂದ ನಾವು ಹಣ ಅಥವಾ ಒಟಿಪಿ ಕೇಳುವುದಿಲ್ಲ’ ಎಂಬ ಇನ್ನೊಂದು ಸಾಲನ್ನೂ ಸೇರಿಸುವುದು ಒಳ್ಳೆಯದು. ಅಂಗಡಿಯ ಹೆಸರಿನಲ್ಲೇ ನಕಲಿ ಖಾತೆ ತೆರೆದು, ಕಮೆಂಟ್ ಮಾಡಿದವರಿಗೆ ‘ನೀವು ಗೆದ್ದಿದ್ದೀರಿ’ ಎಂದು ಮೆಸೇಜ್ ಕಳಿಸಿ ಹಣ ಕೀಳುವವರು ಇಂಥ ಪೋಸ್ಟ್‌ಗಳನ್ನೇ ಕಾದಿರುತ್ತಾರೆ.

ಪೋಸ್ಟ್ ಹಾಕಿದ ಮೇಲೂ ಕೆಲಸ ಸ್ವಲ್ಪ ಉಳಿದಿರುತ್ತದೆ. ಕಮೆಂಟ್‌ನಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರೆ ಅದರ ಉತ್ತರವನ್ನು ಮೂರು ಸಲ ಕಮೆಂಟ್‌ನಲ್ಲಿ ಬರೆಯುವ ಬದಲು ಕ್ಯಾಪ್ಷನ್‌ಗೇ ಸೇರಿಸಬೇಕು. ಸ್ಪಷ್ಟನೆ ಸೇರಿಸಬಹುದು; ನಡುದಾರಿಯಲ್ಲಿ ಷರತ್ತು ಬಿಗಿ ಮಾಡಬಾರದು, ಏಕೆಂದರೆ ಹಳೆಯ ಸಾಲು ನಂಬಿ ಹೊರಟವರು ಆಗಲೇ ದಾರಿಯಲ್ಲಿರುತ್ತಾರೆ. ಉಳಿದ ಸೀರೆಗಳ ಸಂಖ್ಯೆಯನ್ನು ದಿನವೂ ಸಂಜೆ ಸ್ಟೋರಿಯಲ್ಲಿ ಹಾಕಿದರೆ ದೂರದೂರಿನವರು ಫೋನ್ ಮಾಡಿ ಕೇಳುವ ತೊಂದರೆಯಿಲ್ಲ. 300ನೆಯ ಬಿಲ್ 9ನೇ ತಾರೀಖಿಗೇ ಆಗಿಹೋದರೆ ಅಂದೇ ಪೋಸ್ಟ್ ತಿದ್ದಿ, ಕ್ಯಾಪ್ಷನ್‌ನ ಮೊದಲ ಸಾಲಿನಲ್ಲೇ ಹೀಗೆ ಬರೆಯಬೇಕು: ‘ಉಚಿತ ಸೀರೆಯ ಕೊಡುಗೆ ಮುಗಿದಿದೆ. 300 ಬಿಲ್‌ಗಳು ಅಕ್ಟೋಬರ್ 9ಕ್ಕೆ ಪೂರ್ಣ.’